ಕಲ್ಲು ಮತ್ತು ಅದರ ನೆರಳು: ಪಿತ್ತಕೋಶದ ಸ್ಕ್ಯಾನ್ ವರದಿ ಬೆಳೆದು ಬಂದ ಬಗೆ

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯ ಹೆಂಗಸೊಬ್ಬರಿಗೆ ಊಟವಾದ ಮೇಲೆ ಬಲಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ ಎಂದುಕೊಳ್ಳಿ. ಸ್ಕ್ಯಾನಿಂಗ್ ಚಳ್ಳಕೆರೆಯಲ್ಲಿ ಆಗುತ್ತದೆ, ಆಪರೇಷನ್ನಿಗೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಬೇಕು. ಅಲ್ಲಿನ ಸರ್ಜನ್ ಕೈಗೆ ಸಿಗುವುದು ಒಂದೆರಡು ಚಿತ್ರ ಮತ್ತು ಒಂದು ಹಾಳೆ ವರದಿ. ಪ್ರೋಬ್ ಎಲ್ಲಿತ್ತು, ರೋಗಿ ಹೇಗೆ ಮಲಗಿದ್ದರು ಎನ್ನುವುದನ್ನು ಕಣ್ಣಾರೆ ಕಂಡವರು ಅಲ್ಲಿ ಯಾರೂ ಇರುವುದಿಲ್ಲ. ಅದನ್ನೆಲ್ಲ ವರದಿಯೇ ಹೇಳಬೇಕು.

ಮೊದಲು ಪಿತ್ತಕೋಶವನ್ನು ಕಾಣಿಸುವ ಕೆಲಸ ಎಕ್ಸ್‌ರೇಯದಾಗಿತ್ತು. 1924ರಲ್ಲಿ ಅಮೆರಿಕದ ಗ್ರಹಾಂ ಮತ್ತು ಕೋಲ್ ಎಂಬ ವೈದ್ಯರು ಪಿತ್ತಕೋಶದೊಳಗೆ ಸೇರಿಕೊಳ್ಳುವ ಔಷಧ ಕೊಟ್ಟು ಅದನ್ನು ಎಕ್ಸ್‌ರೇಯಲ್ಲಿ ಕಾಣಿಸಿದರು. ಮುಂದೆ ರಾತ್ರಿ ಮಾತ್ರೆ ನುಂಗಿಸಿ ಬೆಳಿಗ್ಗೆ ಚಿತ್ರ ತೆಗೆಯುವ ಪದ್ಧತಿ ದಶಕಗಟ್ಟಲೆ ನಡೆಯಿತು. ಕಾಮಾಲೆ ಇದ್ದವರಲ್ಲಿ ಅದು ಕೈಕೊಡುತ್ತಿತ್ತು. 1949ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಸಂಸ್ಥೆಯಲ್ಲಿ ಜಾರ್ಜ್ ಲುಡ್ವಿಗ್, ಪ್ರಾಣಿಯ ಮಾಂಸದೊಳಗೆ ಇಟ್ಟ ಪಿತ್ತಗಲ್ಲುಗಳು ಅಲ್ಟ್ರಾಸೌಂಡ್ ಶಬ್ದವನ್ನು ಹಿಂದಕ್ಕೆ ಕಳಿಸುತ್ತವೆಂದು ತೋರಿಸಿದರು. ಆಗ ಪರದೆಯ ಮೇಲೆ ಕಂಡದ್ದು ಚಿತ್ರವಲ್ಲ, ಏರಿಳಿಯುವ ಗೆರೆ.

1970ರ ದಶಕದಲ್ಲಿ ಬೂದು ಬಣ್ಣದ ಮೆಟ್ಟಿಲುಗಳಿರುವ ಪರದೆ ಬಂದ ಮೇಲೆ ವಿವರಣೆಯ ಭಾಷೆಯೇ ಬದಲಾಯಿತು. ಪಿತ್ತರಸದಿಂದ ಎಕೋ ಬರುವುದಿಲ್ಲ, ಅದು ಅನೆಕೋಯಿಕ್, ಅಂದರೆ ಕಪ್ಪು. ಕಲ್ಲು ಹೈಪರ್‌ಎಕೋಯಿಕ್, ಬೆಳ್ಳಗೆ ಹೊಳೆಯುತ್ತದೆ. ಇಲ್ಲಿ ಬಿಳುಪೊಂದೇ ಸಾಲದು ಎಂಬುದು ಬೇಗ ಗೊತ್ತಾಯಿತು. ಕಲ್ಲು ಶಬ್ದವನ್ನು ತಡೆದು ಹೀರಿಕೊಳ್ಳುವುದರಿಂದ ಅದರ ಹಿಂದೆ ಸ್ವಚ್ಛವಾದ ಕಪ್ಪು ಪಟ್ಟಿ ಬೀಳುತ್ತದೆ, ಅದೇ ಅಕೌಸ್ಟಿಕ್ ಶ್ಯಾಡೋ. ಬೆಳ್ಳಗಿರುವುದು, ನೆರಳು ಬೀಳುವುದು, ರೋಗಿ ಮಗ್ಗುಲಾದಾಗ ಜಾರುವುದು: ಈ ಮೂರೂ ಕೂಡಿದರೆ ಕಲ್ಲೆಂದು ಧೈರ್ಯವಾಗಿ ಬರೆಯಬಹುದು. ನೆರಳಿಲ್ಲದ ಎಕೋದ ಮಾತು ಬೇರೆ. ಜಾರದೆ ಗೋಡೆಗೆ ಅಂಟಿದ್ದರೆ ಅದು ಪಾಲಿಪ್ ಇರಬಹುದು. ತಳದಲ್ಲಿ ಕೆಸರಿನಂತೆ ನಿಧಾನ ಹರಿದರೆ ಸ್ಲಡ್ಜ್.

ನಮ್ಮ ಮೊಳಕಾಲ್ಮೂರಿನ ರೋಗಿಗೆ ಬರೋಣ. ಆರೆಂಟು ಗಂಟೆ ಏನೂ ತಿನ್ನದೆ ಬಂದಿದ್ದಾರೆ. ತಿಂದಿದ್ದರೆ ಪಿತ್ತಕೋಶ ಕುಗ್ಗಿ, ಗೋಡೆ ದಪ್ಪವಾಗಿ ಕಾಣುತ್ತಿತ್ತು. ಅಂಗಾತ ಮಲಗಿಸಿ, ಬಾಗಿದ ಮುಖದ ಪ್ರೋಬನ್ನು ಬಲಪಕ್ಕೆಲುಬಿನ ಅಂಚಿನ ಕೆಳಗಿಟ್ಟು, ಪ್ರೋಬಿನ ಗುರುತನ್ನು ತಲೆಯ ಕಡೆಗೆ ತಿರುಗಿಸುತ್ತಾರೆ. ಆಗ ಪರದೆಯ ಎಡಭಾಗ ತಲೆಯ ಕಡೆ, ಮೇಲ್ಭಾಗ ಚರ್ಮದ ಕಡೆ. ಗುರುತನ್ನು ರೋಗಿಯ ಬಲಕ್ಕೆ ತಿರುಗಿಸಿದರೆ ಅಡ್ಡ ನೋಟ, ಪರದೆಯ ಎಡ ಎಂದರೆ ರೋಗಿಯ ಬಲ. ಆದರೆ ಪಿತ್ತಕೋಶ ದೇಹದ ನೆಟ್ಟ ಗೆರೆಯಲ್ಲಿ ಮಲಗಿರುವುದಿಲ್ಲ, ಓರೆಯಾಗಿರುತ್ತದೆ. ಪ್ರೋಬನ್ನು ಸ್ವಲ್ಪ ತಿರುಗಿಸಿ ಅದರ ಉದ್ದ ಪೂರ್ತಿ ಸಿಗುವಂತೆ ಮಾಡಿದಾಗ ಅದು ಪಿತ್ತಕೋಶದ ಉದ್ದಕ್ಷ. ಇದನ್ನು ಸುಮ್ಮನೆ ಸ್ಯಾಜಿಟಲ್ ಎಂದು ಬರೆದರೆ ಓದುವವರಿಗೆ ತಪ್ಪು ಚಿತ್ರ ಸಿಗುತ್ತದೆ. ವರದಿಯ ಸಾಲು ಹೀಗಿರಬೇಕು: ‘ಅಂಗಾತ ಮಲಗಿಸಿ, ಉದ್ದಕ್ಷದಲ್ಲಿ: ಕುತ್ತಿಗೆಯ ಬಳಿ 11 ಮಿ.ಮೀ.ನ ಹೈಪರ್‌ಎಕೋಯಿಕ್ ಕಲ್ಲು, ಹಿಂದೆ ಸ್ವಚ್ಛ ನೆರಳು. ಎಡಮಗ್ಗುಲಲ್ಲಿ ಫಂಡಸ್ ಕಡೆಗೆ ಜಾರುತ್ತದೆ. ಗೋಡೆ 2 ಮಿ.ಮೀ.’ ಜಾರಿದ್ದರಿಂದ ಕಲ್ಲು ಕುತ್ತಿಗೆಯಲ್ಲಿ ಸಿಕ್ಕಿಕೊಂಡಿಲ್ಲ ಎಂಬುದು ಬಳ್ಳಾರಿಯಲ್ಲಿ ಕುಳಿತ ಸರ್ಜನ್‌ಗೂ ತಿಳಿಯುತ್ತದೆ. ಗೋಡೆ 3 ಮಿ.ಮೀ. ಮೀರಿದ್ದು, ಪ್ರೋಬ್ ಒತ್ತಿದಲ್ಲೇ ನೋವಿದ್ದರೆ ಉರಿಯೂತದ ಅನುಮಾನ ಬರುತ್ತಿತ್ತು.

ನೆರಳು ಮೋಸ ಮಾಡುವ ಸಂದರ್ಭಗಳೂ ಇವೆ. ಪಕ್ಕದ ಡ್ಯುಯೊಡಿನಂನ ಗಾಳಿ ಕೂಡ ಬೆಳ್ಳಗೆ ಕಾಣುತ್ತದೆ, ಆದರೆ ಅದರ ನೆರಳು ಮಸುಕು, ಮಧ್ಯೆ ಬೂದು ಎಕೋಗಳು ತುಂಬಿರುತ್ತವೆ. ಪ್ರೋಬ್ ತಿರುಗಿಸಿ ಎರಡನೇ ದಿಕ್ಕಿನಿಂದ ನೋಡಿದರೆ ಅದು ಪಿತ್ತಕೋಶದ ಹೊರಗಿರುವುದು ತಿಳಿಯುತ್ತದೆ. ಪಿತ್ತಕೋಶದ ಬಾಗಿದ ಅಂಚಿನಲ್ಲಿ ಶಬ್ದ ಓರೆಯಾಗಿ, ಕಲ್ಲಿಲ್ಲದೆಯೂ ತೆಳ್ಳನೆಯ ನೆರಳು ಬೀಳುವುದುಂಟು. ಅಲ್ಲಿ ನೆರಳಿನ ತುದಿಯಲ್ಲಿ ಬಿಳಿ ಎಕೋ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಎರಡು ಮೂರು ಮಿ.ಮೀ.ನ ನಿಜವಾದ ಕಲ್ಲು ನೆರಳೇ ಬೀಳಿಸದಿರಬಹುದು, ಏಕೆಂದರೆ ಶಬ್ದದ ಕಿರಣ ಅದಕ್ಕಿಂತ ಅಗಲವಾಗಿದ್ದು ಪಕ್ಕದಿಂದ ಹಾದುಹೋಗುತ್ತದೆ. ಫೋಕಸನ್ನು ಕಲ್ಲಿನ ಆಳಕ್ಕೆ ತಂದು, ಫ್ರೀಕ್ವೆನ್ಸಿ ಏರಿಸಿದರೆ ಎಷ್ಟೋ ಸಲ ನೆರಳು ಮೂಡುತ್ತದೆ.

ಈಚಿನ ಯಂತ್ರಗಳು ಹಲವು ಕೋನಗಳಿಂದ ಕಿರಣ ಕಳಿಸಿ ಚಿತ್ರವನ್ನು ನುಣುಪು ಮಾಡುತ್ತವೆ. ಗೋಡೆ ಸೊಗಸಾಗಿ ಕಾಣುತ್ತದೆ, ಕಲ್ಲಿನ ನೆರಳು ಮಾತ್ರ ತೆಳುವಾಗುತ್ತದೆ. ಹೊಸ ಯಂತ್ರದಲ್ಲಿ ನೆರಳು ಸಂಶಯಾಸ್ಪದವಾದಾಗ ಈ ಕಾಂಪೌಂಡ್ ವ್ಯವಸ್ಥೆಯನ್ನು ಆಫ್ ಮಾಡಿ ಮತ್ತೊಮ್ಮೆ ನೋಡುವುದು ನನ್ನ ಮಟ್ಟಿಗೆ ಕಡ್ಡಾಯ.

ಕಲ್ಲುಗಳೇ ತುಂಬಿ ಪಿತ್ತರಸವೇ ಉಳಿಯದ ಪಿತ್ತಕೋಶ ಎಲ್ಲಕ್ಕಿಂತ ಕಷ್ಟದ್ದು. ಕಪ್ಪು ಚೀಲ ಕಾಣದೆ, ಅಲ್ಲಿ ಬರೀ ಕರುಳಿನ ಗಾಳಿ ಎಂದು ಮುಂದೆ ಹೋಗುವ ಅಪಾಯವಿದೆ. ಮೊದಲು ಗೋಡೆಯ ಗೆರೆ, ನಡುವೆ ಕೂದಲೆಳೆಯಷ್ಟು ಕಪ್ಪು, ಆಮೇಲೆ ಕಲ್ಲುಗಳ ಬಿಳಿ ಕಮಾನು, ಅದರ ಹಿಂದೆ ನೆರಳು: ಈ ಅನುಕ್ರಮ ಕಂಡರೆ ಅದು ಕಲ್ಲು ತುಂಬಿದ ಪಿತ್ತಕೋಶ. ಗೋಡೆಗೇ ಸುಣ್ಣ ಕಟ್ಟಿದ್ದರೆ ನಡುವಿನ ಆ ಕಪ್ಪು ಎಳೆ ಇರುವುದಿಲ್ಲ, ಬಿಳಿ ಕಮಾನು ಒಂದೇ.