ಹಳೇ ಡೀಸೆಲ್ ಕಾರು: 10 ವರ್ಷದ ನಿಯಮ ನಮ್ಮಲ್ಲೂ ಇದೆಯಾ?

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಹಳೇ ಡೀಸೆಲ್ ಕಾರು ನೋಡ್ತಿರುವವರ ಗೊಂದಲ ಒಂದೇ: 10 ವರ್ಷ ಆದ್ರೆ ಗಾಡಿ ಗುಜರಿಗೆ ಹೋಗುತ್ತಾ? ಇಲ್ಲ. ಆ ಮಿತಿ ದೆಹಲಿ ಸುತ್ತಮುತ್ತಲಿನದ್ದು. ಎನ್‌ಜಿಟಿ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಫಿಟ್‌ನೆಸ್ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ಮತ್ತೆ 5 ವರ್ಷ ಓಡಿಸಬಹುದು.

ದೆಹಲಿ ಗಾಡಿ ಅಗ್ಗಕ್ಕೆ ಬರೋದು ಇದೇ ಕಾರಣಕ್ಕೆ. 2014ರ ಕಾರು ಅಂದುಕೊಳ್ಳಿ. ಅಲ್ಲಿನ ಎನ್‌ಒಸಿ ಬೇಕು. ಕಲಬುರಗಿಯಲ್ಲಿ ಕೆಎ-32 ನಂಬರ್ ಪಡೆಯಲು ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಇಷ್ಟಾದರೂ 2029ಕ್ಕೆ ಫಿಟ್‌ನೆಸ್ ಪರೀಕ್ಷೆ ಎದುರಾಗುತ್ತದೆ. ಹೊಗೆ ಮಿತಿ ಮೀರಿದರೆ ರಿಪೇರಿ ಖರ್ಚು ನಿಮ್ಮದೇ. ಹಾಗಾಗಿ ರೇಟು ಕೇಳುವ ಮೊದಲು ಆರ್‌ಸಿಯ ತಾರೀಖು ನೋಡಿ.