ನೀರು ಬಳಕೆದಾರರ ಸಂಘದ ಸಭಾ ನಡವಳಿ

ಒಂದು ಕಾಲುವೆಯ ಅಚ್ಚುಕಟ್ಟುದಾರರು ಸಭೆ ಸೇರಿ ನೀರಿನ ಪಾಳಿ, ಕಾಲುವೆ ಸ್ವಚ್ಛತೆ ಮತ್ತು ನೀರಿನ ಕರ ವಸೂಲಿಯ ಬಗ್ಗೆ ಕೈಗೊಂಡ ತೀರ್ಮಾನಗಳ ಲಿಖಿತ ದಾಖಲೆ. ಉತ್ತರ ಕರ್ನಾಟಕದ ಕಡೆ ಇದನ್ನು ಠರಾವು ಪುಸ್ತಕ ಎನ್ನುವುದೂ ಉಂಟು. ಸಭೆಯ ದಿನಾಂಕ, ಅಧ್ಯಕ್ಷತೆ, ಹಾಜರಾದವರ ಸಹಿ ಅಥವಾ ಹೆಬ್ಬೆಟ್ಟು, ಕೋರಂ, ಪ್ರತಿ ವಿಷಯದ ಚರ್ಚೆ, ಠರಾವು, ಸೂಚಕರು ಮತ್ತು ಅನುಮೋದಕರ ಹೆಸರು, ಇದು ಅದರ ರೂಢಿಯ ಕ್ರಮ.

ಕಾನೂನಿನ ಹಿನ್ನೆಲೆ

ಕರ್ನಾಟಕದಲ್ಲಿ ಕಾಲುವೆಗಳ ಆಡಳಿತಕ್ಕೆ ಆಧಾರ 1965ರ ನೀರಾವರಿ ಅಧಿನಿಯಮ. 2000ದಲ್ಲಿ ಅದಕ್ಕೆ ತಿದ್ದುಪಡಿ ತಂದು, ರೈತರ ಸಂಘಗಳು ನೀರನ್ನು ಸಗಟಾಗಿ ಪಡೆದು ಸದಸ್ಯರಿಗೆ ಹಂಚುವುದಕ್ಕೆ ಅವಕಾಶ ಕಲ್ಪಿಸಲಾಯಿತು. ಇಲ್ಲಿ ಈ ಸಂಘಗಳು 1959ರ ಸಹಕಾರ ಸಂಘಗಳ ಅಧಿನಿಯಮದಡಿ ನೋಂದಣಿಯಾಗುತ್ತವೆ. ಹೀಗಾಗಿ ಅವುಗಳ ನಡವಳಿ ಪುಸ್ತಕದ ಸ್ವರೂಪ ಹಾಲು ಉತ್ಪಾದಕರ ಸಂಘದ ಪುಸ್ತಕಕ್ಕಿಂತ ಬೇರೆಯಲ್ಲ. ಇದು ಅನುಕೂಲವೂ ಹೌದು, ಕೊರತೆಯೂ ಹೌದು. ಚುನಾವಣೆ, ಲೆಕ್ಕಪರಿಶೋಧನೆ, ಷೇರು ಹಣದ ಠರಾವುಗಳು ಅಚ್ಚುಕಟ್ಟಾಗಿ ಬರುತ್ತವೆ. ನೀರು ಯಾವ ಗಂಟೆಗೆ ಯಾರ ಹೊಲಕ್ಕೆ ಎಂಬ ವಿಷಯ ಮಾತ್ರ ‘ಪಾಳಿ ಪ್ರಕಾರ ನೀರು ಹರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಜಗಳ ಹುಟ್ಟುವುದು ಆ ಸಾಲು ಹೇಳದೆ ಬಿಟ್ಟ ಕಡೆ.

ಪಾಳಿಯ ಠರಾವು

ಪಾಳಿ ನಿಗದಿಯಾಗಬೇಕಾದರೆ ಮೊದಲು ತೂಬಿನ ನೀರಿನ ಪ್ರಮಾಣ, ಅದರ ಕೆಳಗಿನ ಎಕರೆ ಮತ್ತು ಒಂದು ಸುತ್ತಿನ ಅವಧಿ ಗೊತ್ತಿರಬೇಕು. ಸುತ್ತು ಸಾಮಾನ್ಯವಾಗಿ ಒಂದು ವಾರ, ಅಂದರೆ 168 ಗಂಟೆ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಹೆಚ್ಚುಕಡಿಮೆ ಒಂದು ಅಂಗುಲ ನಿಲ್ಲುತ್ತದೆ. ಈ ಒಂದು ಲೆಕ್ಕ ನೆನಪಿದ್ದರೆ ಯಾವ ಪಾಳಿ ಪಟ್ಟಿಯನ್ನಾದರೂ ಪರೀಕ್ಷಿಸಬಹುದು.

ಮಾದರಿಗೆ ಒಂದು ಕ್ಯೂಸೆಕ್‌ನ ತೂಬೊಂದರ ಕೆಳಗೆ 82 ಎಕರೆ ಇದೆ ಎಂದಿಟ್ಟುಕೊಳ್ಳೋಣ. 168 ಗಂಟೆಯನ್ನು 82ಕ್ಕೆ ಹಂಚಿದರೆ ಎಕರೆಗೆ 2 ಗಂಟೆ 3 ನಿಮಿಷ ಬರುತ್ತದೆ. ಹೆಚ್ಚಿನ ಪಟ್ಟಿಗಳು ಇಷ್ಟಕ್ಕೇ ನಿಲ್ಲುತ್ತವೆ. ಆದರೆ ಒಣಗಿದ ಹೊಲಗಾಲುವೆಗೆ ನೀರು ಬಿಟ್ಟಾಗ ಅದು ಮೊದಲು ಕಾಲುವೆಯನ್ನೇ ತುಂಬಬೇಕು, ಆಮೇಲೆ ಹೊಲಕ್ಕೆ ಇಳಿಯಬೇಕು. ಬೇರೆ ಬೇರೆ ಕವಲುಗಳು ತುಂಬಲು ಒಟ್ಟು 4 ಗಂಟೆ ಬೇಕು ಎನ್ನೋಣ. ಅದನ್ನು ಮೊದಲೇ ಕಳೆದರೆ 164 ಗಂಟೆ ಉಳಿಯುತ್ತದೆ, ಎಕರೆಗೆ ಸರಿಯಾಗಿ 2 ಗಂಟೆ.

ಕೊನೆಯ ಕವಲಿನಲ್ಲಿ ಮೂರು ಎಕರೆ ಇರುವ ರೈತನಿಗೆ ತನ್ನ ಕವಲು ತುಂಬಲು ಒಂದೂವರೆ ಗಂಟೆ ಹಿಡಿಯುತ್ತದೆ. ಮೊದಲ ಲೆಕ್ಕದಲ್ಲಿ ಅವನ ಪಾಳಿ 6 ಗಂಟೆ 9 ನಿಮಿಷ. ಹೊಲಕ್ಕೆ ನೀರು ಬೀಳುವುದು 4 ಗಂಟೆ 39 ನಿಮಿಷ ಮಾತ್ರ. ಎರಡನೆಯ ಲೆಕ್ಕದಲ್ಲಿ ಪಾಳಿ ಏಳೂವರೆ ಗಂಟೆಯಾಗುತ್ತದೆ, ಪೂರ್ತಿ ಆರು ಗಂಟೆ ನೀರು ಸಿಗುತ್ತದೆ. ಇದಕ್ಕಾಗಿ ತೂಬಿನ ಬಾಯಲ್ಲೇ ಮೂರು ಎಕರೆ ಇರುವವನು ಬಿಟ್ಟುಕೊಡುವುದು ವಾರಕ್ಕೆ ಒಂಬತ್ತು ನಿಮಿಷ. ಕೊನೆಯವನಿಗೆ ದಕ್ಕುವುದು ಒಂದು ಗಂಟೆ ಇಪ್ಪತ್ತೊಂದು ನಿಮಿಷ. ಪಂಜಾಬ್, ಹರಿಯಾಣಗಳ ವಾರಬಂದಿಯಲ್ಲಿ ಈ ತುಂಬುವ ಸಮಯಕ್ಕೆ ಭರಾಯಿ ಎಂದು ಹೆಸರಿದೆ. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ಉಳಿದು ಇಳಿಯುವ ನೀರು ಝರಾಯಿ. ಅದನ್ನು ಕೊನೆಯ ಪಾಳಿಯವನ ಲೆಕ್ಕದಿಂದ ಕಳೆಯುತ್ತಾರೆ. ದಾರಿಯಲ್ಲಿ ಇಂಗಿಹೋಗುವ ನೀರಿಗೆ ಮಾತ್ರ ಅಲ್ಲಿಯೂ ಪರಿಹಾರವಿಲ್ಲ.

ಠರಾವಿನಲ್ಲಿ ಇನ್ನೆರಡು ಮಾತು ಬರಬೇಕು. ಸುತ್ತು ಸರಿಯಾಗಿ 168 ಗಂಟೆಯದಾದರೆ ರಾತ್ರಿ ಪಾಳಿ ಬಂದವನಿಗೆ ಪ್ರತಿ ವಾರವೂ ಅದೇ ರಾತ್ರಿ ಬರುತ್ತದೆ. ವರ್ಷಕ್ಕೊಮ್ಮೆ ಪಟ್ಟಿಯನ್ನು 12 ಗಂಟೆ ಸರಿಸಿದರೆ ಹಗಲು ರಾತ್ರಿ ಅದಲುಬದಲಾಗುತ್ತವೆ. ಇನ್ನೊಂದು, ಪಾಳಿಯ ನಡುವೆ ಮೇಲಿನ ಕಾಲುವೆಯೇ ಬಂದ್ ಆದರೆ ಏನು ಗತಿ? ನಿಂತಲ್ಲಿಂದ ಮುಂದುವರಿಯುವುದೋ, ಆ ರೈತನ ಪಾಳಿ ಹೋದಂತೆಯೋ? ಉತ್ತರದ ವಾರಬಂದಿಯಲ್ಲಿ ಅದು ಹೋದಂತೆಯೇ. ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿ ಇರುವ ನಮ್ಮ ಕಾಲುವೆಗಳಲ್ಲಿ ನಿಂತಲ್ಲಿಂದ ಮುಂದುವರಿಸುವುದೇ ನ್ಯಾಯ. ಎರಡರಲ್ಲಿ ಯಾವುದು ಎಂದು ಬರೆದಿಡದಿದ್ದರೆ ನೀರು ಬಂದ ದಿನ ಗುದ್ದಲಿ ಹಿಡಿದವರ ಮಾತೇ ನಡೆಯುತ್ತದೆ.

ಪಾಳಿಯ ಮಿತಿಯೂ ಸ್ಪಷ್ಟ. ವಾರಕ್ಕೆ ಎಕರೆಗೆ ಎರಡು ಅಂಗುಲ ನೀರು ಜೋಳ, ಹತ್ತಿಗೆ ಸಾಕಾದೀತು, ಭತ್ತಕ್ಕೆ ಸಾಲದು. ಮೇಲ್ಭಾಗದವರು ಭತ್ತ ಹಚ್ಚಿದರೆ ಗಂಟೆಗಳ ಪಟ್ಟಿ ಕಾಗದದಲ್ಲೇ ಉಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರ ದೂರಿಗೆ ಇದೊಂದು ಮುಖ್ಯ ಕಾರಣ. ಆ ಕಾಲುವೆ 227 ಕಿ.ಮೀ. ಉದ್ದದ್ದು. ಉಪಕಾಲುವೆಗೇ ನೀರು ಕಡಿಮೆ ಬಂದಾಗ ಸಂಘದ ಸಭೆ ಮಾಡಬಹುದಾದ್ದು ಇಷ್ಟೆ: ಗೇಜ್‌ನ ಅಳತೆಯನ್ನು ದಿನಾಂಕ, ಸಮಯ ಸಮೇತ ನಡವಳಿಯಲ್ಲಿ ಬರೆದು ಮೇಲಿನವರಿಗೆ ಕಳಿಸುವುದು.

ಕಾಲುವೆ ಸ್ವಚ್ಛತೆ

ಹೂಳೆತ್ತುವುದು, ಗಿಡಗಂಟಿ ಕಡಿಯುವುದು ಮುಂಗಾರಿನ ನೀರು ಬಿಡುವ ಮೊದಲೇ ಮುಗಿಯಬೇಕು. ಮೇಲಿನ ಮಾದರಿಯಲ್ಲಿ ಹೊಲಗಾಲುವೆಯ ಉದ್ದ 1,230 ಮೀಟರ್ ಇದ್ದರೆ ಎಕರೆಗೆ 15 ಮೀಟರ್ ಪಾಲು ಬರುತ್ತದೆ. ಕೂಲಿಯಾಳಿನ ಹಾಜರಿಗಿಂತ ಹೀಗೆ ಗೂಟ ನೆಟ್ಟು ಪಾಲು ತೋರಿಸುವುದು ಮೇಲು. ಯಾರ ತುಂಡು ಉಳಿದಿದೆ ಎಂಬುದು ನಡೆದುಕೊಂಡು ಹೋದರೆ ಕಾಣುತ್ತದೆ. ಎತ್ತಿದ ಹೂಳನ್ನು ಏರಿಯ ಅಂಚಿನಲ್ಲೇ ಸುರಿದರೆ ಮೊದಲ ಮಳೆಗೆ ಅದು ಮರಳಿ ಕಾಲುವೆಗೆ ಇಳಿಯುತ್ತದೆ. ಆದ್ದರಿಂದ ಎಷ್ಟು ದೂರ ಹಾಕಬೇಕು, ಯಾರು ನೋಡಿ ಒಪ್ಪಬೇಕು, ಮಾಡದವನಿಂದ ಎಷ್ಟು ಕೂಲಿ ಹಣ ವಸೂಲಿ ಎಂಬುದನ್ನೂ ಠರಾವು ಹೇಳಬೇಕು.

ಕರ ವಸೂಲಿ

ಸಂಘ ನೀರಾವರಿ ನಿಗಮದೊಂದಿಗೆ ಒಡಂಬಡಿಕೆ ಮಾಡಿಕೊಂಡು, ತಾನು ಪಡೆದ ನೀರಿಗೆ ಹಣ ಕಟ್ಟಿ, ಸದಸ್ಯರಿಂದ ವಸೂಲು ಮಾಡಿಕೊಳ್ಳಬೇಕು ಎಂಬುದು ಯೋಜನೆಯ ಆಶಯ. ನಡವಳಿಯಲ್ಲಿ ಬೆಳೆವಾರು ದರ, ಕೊನೆಯ ದಿನ, ರಸೀದಿ ಕೊಡುವವರ ಹೆಸರು, ಜತೆಗೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ ಇರುತ್ತದೆ. ಈ ಪಟ್ಟಿಯನ್ನು ಪಾಳಿ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಪಾಳಿ ಕೇಳುವಾಗ ನಾಲ್ಕು ಎಕರೆ ಹೇಳಿದವನು ಕರ ಕಟ್ಟುವಾಗ ಮೂರು ಹೇಳಿರುವುದು ಆಗ ಕಣ್ಣಿಗೆ ಬೀಳುತ್ತದೆ. ಸ್ವಚ್ಛತೆಯ ಪಾಲಿನಲ್ಲಿ ಅದು ಎರಡಕ್ಕೆ ಇಳಿದಿದ್ದರೂ ಅಚ್ಚರಿಯಿಲ್ಲ. ಮೂರು ಪಟ್ಟಿಗೂ ಸರ್ವೆ ನಂಬರುವಾರು ಒಂದೇ ಎಕರೆ ಲೆಕ್ಕ ಎಂದು ಮೊದಲ ಸಭೆಯಲ್ಲೇ ಠರಾವು ಮಾಡಿದ ಸಂಘಕ್ಕೆ ಈ ತೊಂದರೆ ಕಡಿಮೆ.

ತಕರಾರು

ಉತ್ತರದ ರಾಜ್ಯಗಳಲ್ಲಿ ಕಾಲುವೆ ಕಾಯಿದೆಯ ಪ್ರಕಾರ ಅಧಿಕಾರಿಯೇ ವಾರಬಂದಿಯನ್ನು ನಿಗದಿ ಮಾಡಬಲ್ಲ. ಆಗ ಪಾಳಿ ಸರ್ಕಾರಿ ಆದೇಶವಾಗುತ್ತದೆ. ಕರ್ನಾಟಕದ ಸಂಘಗಳಲ್ಲಿ ಅದು ಬಹುಮಟ್ಟಿಗೆ ಸದಸ್ಯರ ಒಪ್ಪಂದ. ಸಂಘ ಮತ್ತು ಸದಸ್ಯರ ನಡುವಿನ ವ್ಯಾಜ್ಯ ಸಹಕಾರ ಅಧಿನಿಯಮದ 70ನೇ ಪ್ರಕರಣದಡಿ ನಿಬಂಧಕರ ಮುಂದೆ ಹೋಗಬಹುದು. ಆಗ ಪಾಳಿ ಪಟ್ಟಿಯನ್ನು ಅಂಟಿಸಿ, ಅದರ ಮೇಲೂ ಸಹಿ ಹಾಕಿಸಿದ ನಡವಳಿ ಸಾಕ್ಷ್ಯವಾಗಿ ನಿಲ್ಲುತ್ತದೆ. ‘ಪಾಳಿ ಪ್ರಕಾರ’ ಎಂದಷ್ಟೇ ಬರೆದದ್ದು ಸಭೆ ನಡೆಯಿತು ಎಂಬುದಕ್ಕಿಂತ ಹೆಚ್ಚಿನದನ್ನು ಸಾಬೀತುಪಡಿಸುವುದಿಲ್ಲ.