ಎರಡು ಅಂಕಣಗಳ ಮುದ್ರಿತ ಗ್ರಾಮ ಪಟ್ಟಿಯನ್ನು ಓಸಿಆರ್ ಮೂಲಕ ತಿದ್ದಬಹುದಾದ ಪಠ್ಯವಾಗಿ ಪರಿವರ್ತಿಸುವ ವಿಧಾನ (ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು)

1. ಹಿನ್ನೆಲೆ

1997ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಉಡುಪಿ ಜಿಲ್ಲೆಯು ರಚನೆಯಾಯಿತು. 2018ರಲ್ಲಿ ಕುಂದಾಪುರ ತಾಲ್ಲೂಕಿನಿಂದ ಬೈಂದೂರು ತಾಲ್ಲೂಕು ಮತ್ತು ಉಡುಪಿ ತಾಲ್ಲೂಕಿನಿಂದ ಬ್ರಹ್ಮಾವರ ತಾಲ್ಲೂಕು ಬೇರ್ಪಟ್ಟು ಕಾರ್ಯಾರಂಭ ಮಾಡಿದವು. ಅದಕ್ಕೂ ಮೊದಲು ಮುದ್ರಿತವಾದ ಗ್ರಾಮ ಪಟ್ಟಿಗಳಲ್ಲಿ ಇಂದಿನ ಬೈಂದೂರು ತಾಲ್ಲೂಕಿನ ಗ್ರಾಮಗಳು ಕುಂದಾಪುರದ ಅಡಿಯಲ್ಲಿಯೂ, ಬ್ರಹ್ಮಾವರ ತಾಲ್ಲೂಕಿನ ಗ್ರಾಮಗಳು ಉಡುಪಿಯ ಅಡಿಯಲ್ಲಿಯೂ ಕಂಡುಬರುತ್ತವೆ. ಇಂತಹ ಪಟ್ಟಿಯನ್ನು ಹೊಸ ತಾಲ್ಲೂಕುಗಳಿಗೆ ಅನುಗುಣವಾಗಿ ಮರುವಿಂಗಡಿಸಬೇಕಾದಲ್ಲಿ, ಸ್ಕ್ಯಾನ್ ಮಾಡಿದ ಪುಟದ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನಾಗಿಸುವ ಓಸಿಆರ್ ತಂತ್ರಾಂಶವನ್ನು ಬಳಸಬಹುದಾಗಿದೆ.

ಈ ಕಾರ್ಯದಲ್ಲಿ ಎರಡು ಬಗೆಯ ದೋಷಗಳು ಉಂಟಾಗುತ್ತವೆ. ಒಂದು ಅಕ್ಷರದೋಷ, ಮತ್ತೊಂದು ಸ್ಥಾನದೋಷ. ಅಕ್ಷರದೋಷವು ಓದುವಾಗಲೇ ಬಹುಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಸ್ಥಾನದೋಷದಲ್ಲಾದರೋ ಪ್ರತಿಯೊಂದು ಪದವೂ ಪ್ರತಿಯೊಂದು ಅಂಕಿಯೂ ಸರಿಯಾಗಿಯೇ ಇದ್ದು, ಒಂದು ಗ್ರಾಮದ ಅಂಕಿಯು ಮತ್ತೊಂದು ಗ್ರಾಮದ ಮುಂದೆ, ಅಥವಾ ಒಂದು ಹೋಬಳಿಯ ಗ್ರಾಮವು ಮತ್ತೊಂದು ಹೋಬಳಿಯ ಶೀರ್ಷಿಕೆಯ ಕೆಳಗೆ ಬಂದು ಕುಳಿತಿರುತ್ತದೆ. ಅಂತಹ ಪಟ್ಟಿಯನ್ನು ನಂಬಿದ ಅರ್ಜಿದಾರರು ತಮಗೆ ಸಂಬಂಧಿಸದ ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸುವಂತಾಗುತ್ತದೆ. ಆದುದರಿಂದ ಅಕ್ಷರಗಳನ್ನು ತಿದ್ದುವ ಮುನ್ನ ಸ್ಥಾನವನ್ನು ಸರಿಪಡಿಸತಕ್ಕದ್ದು.

ಈ ಲೇಖನದಲ್ಲಿ ಪುಟದ ಎಡ ಮತ್ತು ಬಲ ಭಾಗಗಳನ್ನು ‘ಅಂಕಣ’ ಎಂದೂ, ಪ್ರತಿ ಅಂಕಣದೊಳಗಿನ ಕ್ರಮಸಂಖ್ಯೆ, ಗ್ರಾಮದ ಹೆಸರು, ವಿಸ್ತೀರ್ಣ ಇತ್ಯಾದಿ ವಿಭಾಗಗಳನ್ನು ‘ಕಾಲಂ’ ಎಂದೂ ಕರೆಯಲಾಗಿದೆ.

2. ಸ್ಕ್ಯಾನ್ ಮಾಡುವುದು ಮತ್ತು ಪುಟವನ್ನು ನೇರಗೊಳಿಸುವುದು

ಪುಟವನ್ನು 300 ಡಿಪಿಐ ಸಾಂದ್ರತೆಯಲ್ಲಿ, ಬೂದುವರ್ಣದಲ್ಲಿ ಸ್ಕ್ಯಾನ್ ಮಾಡಿ ಟಿಫ್ ಅಥವಾ ಪಿಎನ್‌ಜಿ ಕಡತವಾಗಿ ಉಳಿಸಬೇಕು. ಜೆಪೆಗ್ ರೂಪದಲ್ಲಿ ಉಳಿಸಿದಾಗ ಅಕ್ಷರಗಳ ಅಂಚು ಕದಡುವುದರಿಂದ ಒತ್ತಕ್ಷರಗಳು ಸರಿಯಾಗಿ ಗುರುತಿಸಲ್ಪಡದೇ ಹೋಗಬಹುದು.

ಪಟ್ಟಿಯ ಪುಟ ಓರೆಯಾಗಿರಬಾರದು. 300 ಡಿಪಿಐಯಲ್ಲಿ ಎ4 ಪುಟದ ಅಗಲ 2480 ಚಿತ್ರಬಿಂದುಗಳು (ಪಿಕ್ಸೆಲ್). ಪುಟವು ಕೇವಲ 1 ಡಿಗ್ರಿ ಓರೆಯಾದರೂ ಎಡ ಅಂಚಿಗೂ ಬಲ ಅಂಚಿಗೂ ಸುಮಾರು 43 ಬಿಂದುಗಳ ಏರುಪೇರಾಗುತ್ತದೆ. ಸಣ್ಣ ಅಕ್ಷರಗಳ ಮುದ್ರಿತ ಪಟ್ಟಿಯಲ್ಲಿ ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಇರುವ ಅಂತರ ಸುಮಾರು 50 ಬಿಂದುಗಳಷ್ಟೇ. ಅಂದರೆ ಬಲ ತುದಿಯ ಅಂಕಿಯು ಹೆಚ್ಚುಕಡಿಮೆ ಒಂದು ಸಾಲು ಮೇಲಕ್ಕೋ ಕೆಳಕ್ಕೋ ಜಾರಿದಂತಾಗಿ, ತಂತ್ರಾಂಶವು ಅದನ್ನು ಪಕ್ಕದ ಗ್ರಾಮಕ್ಕೆ ಸೇರಿಸುವ ಸಂಭವವಿರುತ್ತದೆ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ ಈ ಆಜ್ಞೆಯಿಂದ ಪುಟವನ್ನು ನೇರಗೊಳಿಸಬಹುದು:

```
magick page.tif -deskew 40% +repage straight.tif
```

3. ಅಂಕಣಗಳನ್ನು ಬೇರ್ಪಡಿಸುವುದು

ಎರಡು ಅಂಕಣಗಳ ಪುಟವನ್ನು ಇಡಿಯಾಗಿ ಓದಿಸಿದಾಗ, ಅಂಕಣಗಳ ನಡುವಿನ ಖಾಲಿ ಜಾಗ ಕಿರಿದಾಗಿದ್ದಲ್ಲಿ ತಂತ್ರಾಂಶವು ಎಡದ ಸಾಲನ್ನು ಬಲದ ಸಾಲಿನೊಡನೆ ಸೇರಿಸಿ ಓದುತ್ತದೆ. ಉದಾಹರಣೆಗೆ ಎಡ ಅಂಕಣದಲ್ಲಿ ಬಸ್ರೂರು, ಕೋಟೇಶ್ವರ, ಬೀಜಾಡಿ ಗ್ರಾಮಗಳೂ, ಬಲ ಅಂಕಣದಲ್ಲಿ ‘ಬೈಂದೂರು ಹೋಬಳಿ’ ಎಂಬ ಶೀರ್ಷಿಕೆ ಮತ್ತು ಅದರ ಕೆಳಗೆ ಉಪ್ಪುಂದ, ಶಿರೂರು ಗ್ರಾಮಗಳೂ ಇವೆ ಎಂದು ಭಾವಿಸೋಣ. ಇಡಿಯಾಗಿ ಓದಿಸಿದಾಗ ದೊರೆಯುವ ಪಠ್ಯ ಹೀಗಿರಬಹುದು (ಕ್ರಮಸಂಖ್ಯೆಗಳು ನಿದರ್ಶನಕ್ಕಾಗಿ ಮಾತ್ರ):

```
1 ಬಸ್ರೂರು ಬೈಂದೂರು ಹೋಬಳಿ
2 ಕೋಟೇಶ್ವರ 31 ಉಪ್ಪುಂದ
3 ಬೀಜಾಡಿ 32 ಶಿರೂರು
```

ಇಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಇದನ್ನು ಸಾಲುಗಳಾಗಿ ಒಡೆದು ಪಟ್ಟಿ ಮಾಡಿದಾಗ ಕೋಟೇಶ್ವರ ಮತ್ತು ಬೀಜಾಡಿ ಗ್ರಾಮಗಳು ಬೈಂದೂರು ಹೋಬಳಿಯ ಶೀರ್ಷಿಕೆಯ ಕೆಳಗೆ ಬರುತ್ತವೆ. ಇವೆರಡೂ ಇಂದಿಗೂ ಕುಂದಾಪುರ ತಾಲ್ಲೂಕಿನ ಗ್ರಾಮಗಳು.

ಇದನ್ನು ತಪ್ಪಿಸಲು ಅಂಕಣಗಳನ್ನು ಚಿತ್ರದಲ್ಲಿಯೇ ಬೇರ್ಪಡಿಸಬೇಕು. ಮೊದಲು ನೇರಗೊಳಿಸಿದ ಚಿತ್ರವನ್ನು ತೆರೆದು, ಅಂಕಣಗಳ ನಡುವಿನ ಖಾಲಿ ಜಾಗವು ಎಡ ಅಂಚಿನಿಂದ ಎಷ್ಟು ಬಿಂದುಗಳ ದೂರದಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಎರಡೂ ಅಂಕಣಗಳಿಗೆ ಅಡ್ಡಲಾಗಿ ಹಬ್ಬಿರುವ ಪುಟದ ಶೀರ್ಷಿಕೆಯನ್ನೂ ಕತ್ತರಿಸಿ ತೆಗೆಯಬೇಕು. ಖಾಲಿ ಜಾಗವು 1250ನೇ ಬಿಂದುವಿನಲ್ಲಿದ್ದು, ಶೀರ್ಷಿಕೆಯು ಮೇಲಿನ 300 ಬಿಂದುಗಳಲ್ಲಿ ಮುಗಿದಿದ್ದರೆ ಆಜ್ಞೆಗಳು ಹೀಗಿರುತ್ತವೆ:

```
magick straight.tif -crop 1250x3208+0+300 +repage left.tif
magick straight.tif -crop 1230x3208+1250+300 +repage right.tif
```

ನಂತರ ಪ್ರತಿ ಅಂಕಣವನ್ನು ಟೆಸರಾಕ್ಟ್ ತಂತ್ರಾಂಶದಿಂದ ಪ್ರತ್ಯೇಕವಾಗಿ ಓದಿಸಬೇಕು. ಈ ತಂತ್ರಾಂಶವು 2005ರಿಂದ ಮುಕ್ತವಾಗಿ ಲಭ್ಯವಿದ್ದು, ಇದಕ್ಕೆ ಕನ್ನಡದ `kan` ಭಾಷಾ ಕಡತವನ್ನು ಅಳವಡಿಸಿಕೊಳ್ಳಬೇಕಾಗುತ್ತದೆ.

```
tesseract left.tif left -l kan --psm 6
tesseract right.tif right -l kan --psm 6
```

ಇಲ್ಲಿ `--psm 6` ಎಂಬ ಸೂಚನೆಯು ಚಿತ್ರವನ್ನು ಒಂದೇ ಸಮನಾದ ಪಠ್ಯಖಂಡವೆಂದು ಪರಿಗಣಿಸಿ ಸಾಲುಸಾಲಾಗಿ ಓದುವಂತೆ ಮಾಡುತ್ತದೆ. ಈ ಸೂಚನೆಯನ್ನು ನೀಡದಿದ್ದಲ್ಲಿ ತಂತ್ರಾಂಶವು ಪುಟದ ವಿನ್ಯಾಸವನ್ನು ತಾನೇ ಊಹಿಸುತ್ತದೆ. ಆಗ ಹೆಸರುಗಳ ಕಾಲಂ ಪೂರ್ತಿಯಾಗಿ ಮುಗಿದ ಮೇಲೆ ಅಂಕಿಗಳ ಕಾಲಂ ಪೂರ್ತಿಯಾಗಿ ಬರಬಹುದು. ಹಾಗಾದಾಗ ಅವೆರಡನ್ನು ಪಕ್ಕಪಕ್ಕಕ್ಕೆ ಇಟ್ಟು ಜೋಡಿಸುವುದು ಅಪಾಯಕಾರಿ. ನಡುವೆ ಎಲ್ಲಿಯಾದರೂ ಒಂದು ಮನೆ ಖಾಲಿಯಿದ್ದರೆ, ಅಥವಾ ಒಂದು ಗ್ರಾಮದ ಹೆಸರು ಎರಡು ಸಾಲುಗಳಲ್ಲಿ ಮುದ್ರಿತವಾಗಿದ್ದರೆ, ಅಲ್ಲಿಂದ ಕೆಳಗಿನ ಎಲ್ಲ ಗ್ರಾಮಗಳ ಅಂಕಿಗಳೂ ಒಂದೊಂದು ಸಾಲು ಜಾರಿರುತ್ತವೆ.

ಆಜ್ಞೆಗಳನ್ನು ಬೆರಳಚ್ಚು ಮಾಡಲು ಇಚ್ಛಿಸದವರು, ಟೆಸರಾಕ್ಟನ್ನೇ ಆಧರಿಸಿದ ಜಿಇಮೇಜ್‌ರೀಡರ್ ತಂತ್ರಾಂಶದಲ್ಲಿ ಪ್ರತಿ ಅಂಕಣದ ಸುತ್ತ ಚೌಕವನ್ನು ಎಳೆದು ಅದಷ್ಟನ್ನೇ ಓದಿಸಬಹುದು.

4. ಹೆಸರಿನೊಳಗಿನ ಅಂಕಿಗಳು

ಈ ಭಾಗದ ಗ್ರಾಮ ಪಟ್ಟಿಗಳಿಗೆ ವಿಶಿಷ್ಟವಾದ ತೊಡಕೊಂದಿದೆ. ಕೆಲವು ಗ್ರಾಮಗಳ ಹೆಸರಿನಲ್ಲಿಯೇ ಅಂಕಿ ಸೇರಿರುತ್ತದೆ. ಕುಂದಾಪುರ ತಾಲ್ಲೂಕಿನಲ್ಲಿ ‘28 ಹಾಲಾಡಿ’ ಮತ್ತು ‘76 ಹಾಲಾಡಿ’ ಎಂಬ ಎರಡು ಪ್ರತ್ಯೇಕ ಗ್ರಾಮಗಳಿವೆ. ಹಿಂದಿನ ಉಡುಪಿ ತಾಲ್ಲೂಕಿನ ಪಟ್ಟಿಯಲ್ಲಿ ‘33 ಶಿರೂರು’ ಮತ್ತು ‘41 ಶಿರೂರು’ ಇವೆ. ಇವಲ್ಲದೆ ಇಂದಿನ ಬೈಂದೂರು ತಾಲ್ಲೂಕಿನಲ್ಲಿ ಅಂಕಿಯಿಲ್ಲದ ಶಿರೂರು ಇದೆ.

ಓಸಿಆರ್ ಪಠ್ಯವನ್ನು ಕೋಷ್ಟಕಕ್ಕೆ ವರ್ಗಾಯಿಸುವಾಗ ‘12 28 ಹಾಲಾಡಿ’ ಎಂಬ ಸಾಲಿನಲ್ಲಿ 12 ಕ್ರಮಸಂಖ್ಯೆ, 28 ಹೆಸರಿನ ಭಾಗ. ಸಾಲಿನ ಆರಂಭದಲ್ಲಿರುವ ಅಂಕಿಗಳನ್ನೆಲ್ಲ ಕ್ರಮಸಂಖ್ಯೆ ಎಂದು ತೆಗೆದುಹಾಕಿದರೆ ಎರಡೂ ಹಾಲಾಡಿಗಳು ಒಂದೇ ಹೆಸರಿನವಾಗುತ್ತವೆ. ಮೂರು ಶಿರೂರುಗಳ ನಡುವಿನ ಭೇದವೂ ಅಳಿದುಹೋಗುತ್ತದೆ. ಆದುದರಿಂದ ಇಂತಹ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು, ಅಂಕಿ ಮತ್ತು ಹೆಸರಿನ ನಡುವೆ ಅಡ್ಡಗೆರೆಯನ್ನು ಹಾಕಿ ‘28-ಹಾಲಾಡಿ’ ಎಂದು ಬರೆದುಕೊಂಡ ನಂತರವೇ ಕಾಲಂಗಳಾಗಿ ವಿಂಗಡಿಸುವುದು ಸೂಕ್ತ.

5. ಕಣ್ಣಿಗೆ ಕಾಣದ ಅಕ್ಷರದೋಷಗಳು

ಕನ್ನಡ ಅಂಕಿ ಸೊನ್ನೆಯೂ (೦) ಅನುಸ್ವಾರವೂ ಒಂದೇ ಆಕಾರದಲ್ಲಿರುತ್ತವೆ. ಕನ್ನಡ ಅಂಕಿ ಒಂಬತ್ತು (೯) ಮತ್ತು ಅರ್ಕಾವೊತ್ತು ಸಹ ಹಾಗೆಯೇ. ತಂತ್ರಾಂಶವು ಒಂದನ್ನು ಮತ್ತೊಂದಾಗಿ ಗುರುತಿಸಿದಲ್ಲಿ ‘ಕುಂದಾಪುರ’ವು ‘ಕು೦ದಾಪುರ’ ಎಂದೂ, ‘ಬಾರ್ಕೂರು’ ‘ಬಾಕೂ೯ರು’ ಎಂದೂ ದಾಖಲಾಗುತ್ತದೆ. ಪರದೆಯ ಮೇಲೆ ಇವು ಸರಿಯಾಗಿಯೇ ಕಾಣುತ್ತವೆ. ಆದರೆ ಸರಿಯಾದ ಹೆಸರನ್ನು ಬೆರಳಚ್ಚು ಮಾಡಿ ಹುಡುಕಿದಾಗ ಆ ಗ್ರಾಮ ದೊರೆಯುವುದಿಲ್ಲ, ಅಕಾರಾದಿಯಲ್ಲಿಯೂ ತನ್ನ ಸ್ಥಾನದಲ್ಲಿ ಬರುವುದಿಲ್ಲ.

ಲಿಬ್ರೆಆಫೀಸ್ ರೈಟರ್‌ನ ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆಯನ್ನು ಗುರುತುಮಾಡಿ, ಈ ಕೆಳಗಿನ ಸಾಲನ್ನು ನೀಡಿದರೆ ಕನ್ನಡ ಅಕ್ಷರಕ್ಕೆ ತಗಲಿಕೊಂಡಿರುವ ಕನ್ನಡ ಅಂಕಿಗಳೆಲ್ಲವೂ ಒಂದೊಂದಾಗಿ ಕಾಣಿಸುತ್ತವೆ:

```
[\u0C82-\u0CCD][\u0CE6-\u0CEF]
```

ಸೊನ್ನೆಯ ಬದಲಿಗೆ ಅನುಸ್ವಾರವನ್ನು ಬರೆದರೆ ಸಾಕು. ಅರ್ಕಾವೊತ್ತಿನ ವಿಷಯ ಬೇರೆ. ಯೂನಿಕೋಡ್‌ನಲ್ಲಿ ‘ರ್’ ವ್ಯಂಜನಕ್ಕಿಂತ ಮೊದಲು ಬರಬೇಕಾದುದರಿಂದ ‘ಬಾಕೂ೯ರು’ ಎಂಬಲ್ಲಿ ೯ನ್ನು ಅಳಿಸಿ, ‘ಕೂ’ಗಿಂತ ಮೊದಲು ‘ರ್’ ಸೇರಿಸಬೇಕು. ಆದಕಾರಣ ಇದನ್ನು ಒಂದೇ ಬಾರಿಗೆ ಎಲ್ಲೆಡೆ ಬದಲಾಯಿಸದೆ, ಪ್ರತಿಯೊಂದನ್ನು ಮುದ್ರಿತ ಪುಟದೊಡನೆ ನೋಡಿ ತಿದ್ದತಕ್ಕದ್ದು. ಕಾಲಂಗಳ ನಡುವಿನ ಉದ್ದಗೆರೆಗಳು ಸಹ ಕೆಲವೊಮ್ಮೆ 1 ಎಂಬ ಅಂಕಿಯಾಗಿ ಬಂದು ವಿಸ್ತೀರ್ಣದ ಸಂಖ್ಯೆಗೆ ಸೇರಿಕೊಳ್ಳುವುದನ್ನು ಗಮನಿಸಬೇಕು.

6. ತಾಳೆ ನೋಡುವುದು

ಮೊದಲನೆಯದಾಗಿ ಪ್ರತಿ ಅಂಕಣದ ಕ್ರಮಸಂಖ್ಯೆಗಳು ನಡುವೆ ಬಿಟ್ಟುಹೋಗದೆ ಸಾಗಿವೆಯೇ ಎಂಬುದನ್ನು ನೋಡಬೇಕು. ಎಡದ ಕೊನೆಯ ಸಂಖ್ಯೆ 30 ಆಗಿದ್ದರೆ ಬಲದ ಮೊದಲನೆಯದು 31 ಆಗಿರಬೇಕು.

ಎರಡನೆಯದಾಗಿ ಅಂಕಿಗಳ ಕಾಲಂ ಅನ್ನು ಕೂಡಿ, ಮುದ್ರಿತ ಒಟ್ಟು ಮೊತ್ತದೊಡನೆ ಹೋಲಿಸಬೇಕು. ಮೊತ್ತವು ಹೊಂದಿಕೆಯಾಗದಿದ್ದಲ್ಲಿ ಯಾವುದೋ ಅಂಕಿ ತಪ್ಪಾಗಿದೆ ಅಥವಾ ಬಿಟ್ಟುಹೋಗಿದೆ ಎಂದು ತಿಳಿಯಬಹುದು. ಆದರೆ ಮೊತ್ತವು ಹೊಂದಿಕೆಯಾದ ಮಾತ್ರಕ್ಕೆ ಪಟ್ಟಿಯು ಸರಿಯಾಗಿದೆ ಎಂದು ಭಾವಿಸಬಾರದು. ಎರಡು ಗ್ರಾಮಗಳ ಅಂಕಿಗಳು ಪರಸ್ಪರ ಅದಲುಬದಲಾಗಿದ್ದರೂ ಮೊತ್ತ ಬದಲಾಗುವುದಿಲ್ಲ. ಸ್ಥಾನದೋಷವನ್ನು ಕೂಡುವಿಕೆಯಿಂದ ಕಂಡುಹಿಡಿಯಲು ಸಾಧ್ಯವಿಲ್ಲ.

ಆದುದರಿಂದ ಮೂರನೆಯದಾಗಿ, ಪ್ರತಿ ಅಂಕಣದ ಮೊದಲ, ನಡುವಿನ ಮತ್ತು ಕೊನೆಯ ಸಾಲುಗಳನ್ನು ಹಾಗೂ ಹೋಬಳಿ ಶೀರ್ಷಿಕೆ, ಖಾಲಿ ಮನೆ, ಎರಡು ಸಾಲಿನ ಹೆಸರು ಇವುಗಳ ಮುಂದಿನ ಸಾಲನ್ನು ಮುದ್ರಿತ ಪುಟದ ಮೇಲೆ ಅಳತೆಪಟ್ಟಿಯನ್ನಿಟ್ಟು ತಾಳೆ ನೋಡಬೇಕು. ಒಬ್ಬರು ಮುದ್ರಿತ ಪ್ರತಿಯಿಂದ ಗಟ್ಟಿಯಾಗಿ ಓದಿ, ಮತ್ತೊಬ್ಬರು ಪರದೆಯಲ್ಲಿ ನೋಡುವುದು ಉತ್ತಮ. ಜಾರಿಕೆಯು ಇಂತಹ ಸ್ಥಳಗಳಿಂದಲೇ ಆರಂಭವಾಗುತ್ತದೆ. ಕೊನೆಯ ಸಾಲು ಸರಿಯಾಗಿದ್ದರೂ ನಡುವೆ ಜಾರಿ ಪುನಃ ಹೊಂದಿಕೊಂಡಿರುವ ಸಂಭವವಿರುವುದರಿಂದ ನಡುವಿನ ಸಾಲುಗಳನ್ನು ಬಿಡತಕ್ಕದ್ದಲ್ಲ.

7. ಮಿತಿಗಳು

ಹಳೆಯ ಪಟ್ಟಿಯಲ್ಲಿನ ಹೋಬಳಿಯ ಹೆಸರೊಂದರಿಂದಲೇ ಗ್ರಾಮವು ಇಂದು ಯಾವ ತಾಲ್ಲೂಕಿಗೆ ಸೇರಿದೆ ಎಂದು ನಿರ್ಧರಿಸಬಾರದು. ಪರಿವರ್ತಿತ ಪಠ್ಯದಲ್ಲಿ ಹಳೆಯ ಹೋಬಳಿಯನ್ನು ಇದ್ದಂತೆಯೇ ಉಳಿಸಿ, ಇಂದಿನ ತಾಲ್ಲೂಕನ್ನು ಚಾಲ್ತಿಯಲ್ಲಿರುವ ಗ್ರಾಮ ಪಟ್ಟಿಯಿಂದ ನೋಡಿ ಪ್ರತ್ಯೇಕ ಕಾಲಂನಲ್ಲಿ ನಮೂದಿಸಬೇಕು.

ಓಸಿಆರ್ ಮೂಲಕ ಸಿದ್ಧಪಡಿಸಿದ ಪಠ್ಯವು ಹುಡುಕಲು ಮತ್ತು ವಿಂಗಡಿಸಲು ಅನುಕೂಲಕರವಾಗಿದ್ದರೂ ಮೂಲ ದಾಖಲೆಯ ದೃಢೀಕೃತ ಪ್ರತಿಗೆ ಸಮಾನವಲ್ಲ. ಸ್ಕ್ಯಾನ್ ಮಾಡಿದ ಮೂಲ ಚಿತ್ರವನ್ನು ಅಳಿಸದೆ, ಪಠ್ಯ ಕಡತದೊಂದಿಗೆ ಅದೇ ಪುಟಸಂಖ್ಯೆಯ ಹೆಸರಿನಲ್ಲಿ ಕಾಯ್ದಿರಿಸತಕ್ಕದ್ದು. ಸಂದೇಹ ಬಂದಾಗ ಚಿತ್ರದಲ್ಲಿರುವುದನ್ನೇ ಪ್ರಮಾಣವೆಂದು ಪರಿಗಣಿಸಬೇಕು.